ಪ್ಯಾಕೆಟ್ ಮೇಲಿನ ಆ ತಾರೀಖು ಎಲ್ಲಿಂದ ಬಂತು? ಮನೆಯಲ್ಲಿ ಮಾಡಿ ಮಾರುವ ತಿಂಡಿಯ ಲೇಬಲ್, ಬಾಳಿಕೆ ಮತ್ತು ಕವರಿನ ಲೆಕ್ಕ

ಮನೆಯಲ್ಲಿ ಕರಿದ ತಿಂಡಿಯನ್ನು ಗೊತ್ತಿದ್ದವರಿಗೆ ಮಾರುವಾಗ ಯಾರೂ ಏನೂ ಕೇಳುವುದಿಲ್ಲ. ಡಬ್ಬಿ ತರುತ್ತಾರೆ, ತುಂಬಿಸಿಕೊಂಡು ಹೋಗುತ್ತಾರೆ, ನಾಲ್ಕು ದಿನದಲ್ಲಿ ಖಾಲಿ. ಅದೇ ತಿಂಡಿ ಮೊದಲ ಸಲ ಅಂಗಡಿಗೆ ಹೋದಾಗ ಅಂಗಡಿಯವರು ಪ್ಯಾಕೆಟ್ ತಿರುಗಿಸಿ ನೋಡಿ, "ಇದು ಎಷ್ಟು ದಿನ ಇರುತ್ತೆ?" ಅಂತ ಕೇಳುತ್ತಾರೆ. ಹೆಚ್ಚಿನವರು ಅಂದಾಜಿನಲ್ಲಿ "ಒಂದು ತಿಂಗಳು" ಅನ್ನುತ್ತಾರೆ. ಇನ್ನು ಕೆಲವರು ಪಕ್ಕದ ಕಂಪನಿ ಪ್ಯಾಕೆಟ್ ಮೇಲೆ ನಾಲ್ಕು ತಿಂಗಳು ಅಂತ ಇರುವುದನ್ನು ನೋಡಿ ಅದನ್ನೇ ಬರೆದುಬಿಡುತ್ತಾರೆ.

ತೊಂದರೆ ಶುರುವಾಗುವುದು ಅಲ್ಲಿಂದಲೇ. ಆ ಕಂಪನಿಯ ನಾಲ್ಕು ತಿಂಗಳು ಅವರ ಎಣ್ಣೆಗೆ, ಅವರ ಕವರಿಗೆ, ಅವರ ಸೀಲಿಗೆ ಸಿಕ್ಕ ಲೆಕ್ಕ. ನಿಮ್ಮ ತಿಂಡಿಗೆ ನಿಮ್ಮದೇ ಲೆಕ್ಕ ಬೇಕು. ಅದನ್ನು ಮನೆಯಲ್ಲೇ ಕಂಡುಕೊಳ್ಳಬಹುದು, ಲ್ಯಾಬ್ ಇಲ್ಲದೆಯೂ ಬಹಳ ದೂರ ಹೋಗಬಹುದು. ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ: ಗೋಧಿಹಿಟ್ಟು, ಶೇಂಗಾ, ಬೆಣ್ಣೆ, ಎಳ್ಳು ಸೇರಿಸಿ ಎಣ್ಣೆಯಲ್ಲಿ ಕರಿದ ಗರಿಗರಿ ತಿಂಡಿ.

## ನಿಯಮ ಯಾರದು?

ಪ್ರತಿ ದೇಶಕ್ಕೂ ಅದರದೇ ಆಹಾರ ಕಾನೂನು ಇದೆ. ಆದರೆ ಅವುಗಳಲ್ಲಿ ಹೆಚ್ಚಿನವುಗಳ ಬುಡದಲ್ಲಿ ಒಂದೇ ದಾಖಲೆ ಕಾಣುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಸೇರಿ 1963ರಲ್ಲಿ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗವನ್ನು ಶುರು ಮಾಡಿದವು. ಪ್ಯಾಕ್ ಮಾಡಿದ ಆಹಾರದ ಲೇಬಲ್‌ಗೆ ಅದು ರೂಪಿಸಿದ ಮಾನದಂಡ 1985ರದು, ಆಮೇಲೆ ಹಲವು ಸಲ ತಿದ್ದುಪಡಿಯಾಗಿದೆ.

ಅದು ಕೇಳುವುದು ಇಷ್ಟು: ಆಹಾರದ ಹೆಸರು, ಅದರಲ್ಲಿರುವ ಪದಾರ್ಥಗಳು, ನಿವ್ವಳ ತೂಕ, ಮಾಡಿದವರ ಹೆಸರು ಮತ್ತು ವಿಳಾಸ, ಬ್ಯಾಚ್ ಗುರುತು, ತಾರೀಖು, ಇಡುವ ವಿಧಾನ. ಬೇಕಾದ ಕಡೆ ಯಾವ ದೇಶದ್ದು ಎಂಬುದು ಮತ್ತು ಬಳಸುವ ಬಗೆ. ಮನೆಯಿಂದ ಮಾರುವವರಿಗೆ ಕೆಲವು ದೇಶಗಳು ನೋಂದಣಿಯಲ್ಲಿ ಅಥವಾ ಪೋಷಕಾಂಶದ ಪಟ್ಟಿಯಲ್ಲಿ ರಿಯಾಯಿತಿ ಕೊಡುತ್ತವೆ. ಅದನ್ನು ನಿಮ್ಮ ಊರಿನ ಆಹಾರ ಇಲಾಖೆಯಲ್ಲಿ ಕೇಳಿಯೇ ತಿಳಿಯಬೇಕು. ಆದರೆ ಪದಾರ್ಥ, ಅಲರ್ಜಿ, ತಾರೀಖು ಈ ಮೂರರಲ್ಲಿ "ನಾವು ಮನೆಯವರು, ಚಿಕ್ಕವರು" ಅನ್ನುವ ಮಾತು ನಡೆಯುತ್ತದೆ ಅಂದುಕೊಂಡು ಕೂರುವುದು ಬೇಡ.

## ಕರಿದ ತಿಂಡಿ ಕೆಡುವುದು ಹೇಗೆ?

ತಾರೀಖು ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನನ್ನ ತಿಂಡಿ ಯಾವುದರಿಂದ ಕೆಡುತ್ತದೆ? ಕಾರಣ ಬೇರೆಯಾದರೆ ತಾರೀಖೂ ಬೇರೆ, ಕವರೂ ಬೇರೆ.

ಕೆಡುವುದು ಅಂದ ತಕ್ಷಣ ಬೂಷ್ಟು ಕಣ್ಣ ಮುಂದೆ ಬರುತ್ತದೆ. ಆದರೆ ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ನೀರು ಬೇಕು. ಸುಮ್ನೆ ನೀರು ಇದ್ದರೆ ಸಾಲದು, ಅವುಗಳ ಕೈಗೆ ಸಿಗುವ ನೀರು ಇರಬೇಕು. ಜೇನುತುಪ್ಪದಲ್ಲಿ ನೀರಿದೆ, ಆದರೂ ಅದು ಕೆಡುವುದಿಲ್ಲ. ಅಲ್ಲಿನ ನೀರನ್ನು ಸಕ್ಕರೆ ಹಿಡಿದುಕೊಂಡಿರುತ್ತದೆ. ಹೀಗೆ ಬಳಕೆಗೆ ಸಿಗುವ ನೀರಿನ ಅಳತೆಯನ್ನು 'ವಾಟರ್ ಆಕ್ಟಿವಿಟಿ' ಅನ್ನುತ್ತಾರೆ. ಶುದ್ಧ ನೀರಿಗೆ 1, ಪೂರ್ತಿ ಒಣಗಿದ್ದಕ್ಕೆ 0. ಈ ಅಳತೆ 0.6ಕ್ಕಿಂತ ಕೆಳಗಿದ್ದರೆ ಯಾವ ಬೂಷ್ಟೂ ಬೆಳೆಯುವುದಿಲ್ಲ. ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಲು ಸುಮಾರು 0.85ರ ಮೇಲೆ ಬೇಕು.

ಚೆನ್ನಾಗಿ ಕರಿದ ಗರಿಗರಿ ತಿಂಡಿ ಇದಕ್ಕಿಂತ ಎಷ್ಟೋ ಕೆಳಗೆ, 0.2ರಿಂದ 0.3ರ ಹತ್ತಿರ ಇರುತ್ತದೆ. ಅಂದರೆ ಅದು ಬೂಷ್ಟು ಹಿಡಿದು ಕೆಡುವುದು ಅಪರೂಪ. ಅದರ ಕಥೆ ಮುಗಿಯುವುದು ಎರಡೇ ದಾರಿಯಲ್ಲಿ.

ಮೊದಲನೆಯದು ಮೆತ್ತಗಾಗುವುದು. ಒಣ ತಿಂಡಿ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಅಳತೆ 0.4–0.5ರ ಆಸುಪಾಸಿಗೆ ಬಂದಾಗ ಗರಿ ಹೋಗುತ್ತದೆ. ತಿಂದರೆ ಅಪಾಯವೇನಿಲ್ಲ, ಆದರೆ ಗಿರಾಕಿ ಮತ್ತೆ ಬರುವುದಿಲ್ಲ.

ಎರಡನೆಯದು ಕಮಟು. ತಿಂಡಿಯೊಳಗಿನ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಒಡೆಯುತ್ತದೆ. ಇದರ ಮೋಸ ಏನೆಂದರೆ, ಮೊದಲ ಕೆಲವು ವಾರ ಏನೂ ಗೊತ್ತಾಗುವುದಿಲ್ಲ. ಒಳಗೊಳಗೇ ಕೆಲಸ ನಡೆದಿರುತ್ತದೆ. ಒಂದು ಹಂತ ದಾಟಿದ ಮೇಲೆ ವಾಸನೆ ಬೇಗ ಬೇಗ ಏರುತ್ತದೆ. "ಮೊನ್ನೆ ಚೆನ್ನಾಗಿತ್ತು, ಇವತ್ತು ನೋಡಿದರೆ ಹೀಗೆ" ಅನ್ನುವುದು ಇದಕ್ಕೇ. ಬೆಳಕು, ಬಿಸಿ, ಕಬ್ಬಿಣ ಮತ್ತು ತಾಮ್ರದ ಅಂಶ ಎಲ್ಲವೂ ಇದನ್ನು ಬೇಗ ಮಾಡಿಸುತ್ತವೆ.

ಇಲ್ಲಿ ಬಾಣಲೆಯ ಎಣ್ಣೆಯದೂ ದೊಡ್ಡ ಪಾತ್ರ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಆಗಲೇ ಅರ್ಧ ದಾರಿ ಸವೆಸಿರುತ್ತದೆ. ಅದರಲ್ಲಿ ಕರಿದ ತಿಂಡಿ ಹುಟ್ಟುವಾಗಲೇ ಮುದುಕ. ಎಣ್ಣೆ ಕಪ್ಪಾಗಿ, ನೊರೆ ನಿಂತು, ಮೊದಲಿಗಿಂತ ಬೇಗ ಹೊಗೆ ಬರುತ್ತಿದ್ದರೆ ಅದನ್ನು ಬಿಡಬೇಕು. ಹಳೆ ಎಣ್ಣೆಗೆ ಹೊಸದನ್ನು ಸುರಿದರೆ ಹಳೆಯದು ಹೊಸದಾಗುವುದಿಲ್ಲ, ಹೊಸದೇ ಬೇಗ ಹಳೆಯದಾಗುತ್ತದೆ. ಎಣ್ಣೆ ಎಷ್ಟು ಒಡೆದಿದೆ ಎಂದು ಅಳೆಯಲು 'ಒಟ್ಟು ಪೋಲಾರ್ ಸಂಯುಕ್ತ' ಎಂಬ ಲೆಕ್ಕ ಇದೆ. ಹಲವು ದೇಶಗಳು ಶೇಕಡಾ 25ರ ಆಸುಪಾಸಿನಲ್ಲಿ ಮಿತಿ ಇಟ್ಟಿವೆ. ಅದನ್ನು ಪರೀಕ್ಷಿಸುವ ಪಟ್ಟಿಗಳೂ ಸಿಗುತ್ತವೆ.

ಒಂದು ಎಚ್ಚರಿಕೆ. ಹಸಿ ತರಕಾರಿಯ ಹೂರಣ ತುಂಬಿದ, ಒಳಗೆ ಮೆತ್ತಗಿರುವ ತಿಂಡಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಅಲ್ಲಿ ನೀರು ಜಾಸ್ತಿ, ಬ್ಯಾಕ್ಟೀರಿಯಾ ಬೆಳೆಯಬಹುದು, ಕೆಟ್ಟಿದ್ದು ಮೂಗಿಗೆ ಗೊತ್ತಾಗದೇ ಇರಬಹುದು. ಅಂಥದ್ದಕ್ಕೆ ಮನೆಯ ರುಚಿ ಪರೀಕ್ಷೆ ನಂಬಬೇಡಿ. ಲ್ಯಾಬ್ ಬೇಕೇ ಬೇಕು.

## ಕವರ್ ಮಾಡುವ ಕೆಲಸ

ಕಣ್ಣಿಗೆ ಎಲ್ಲ ಪ್ಲಾಸ್ಟಿಕ್ ಕವರೂ ಒಂದೇ. ಗಾಳಿ ಮತ್ತು ತೇವಕ್ಕೆ ಹಾಗಲ್ಲ.

ಸಾಮಾನ್ಯ ಮೆತ್ತನೆಯ ಪಾಲಿಥೀನ್ ಕವರನ್ನು ಸೊಳ್ಳೆ ಪರದೆಗೆ ಹೋಲಿಸಬಹುದು. ಸೊಳ್ಳೆಯನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಪಾಲಿಥೀನ್ ತೇವವನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಆದರೆ ಆಮ್ಲಜನಕ ಅದರ ಮೂಲಕ ಸಲೀಸಾಗಿ ದಾಟುತ್ತದೆ. ಇದನ್ನು ಅಳೆಯುವುದು ಒಂದು ಚದರ ಮೀಟರ್ ಕವರಿನ ಮೂಲಕ ಒಂದು ದಿನದಲ್ಲಿ ಎಷ್ಟು ಮಿಲಿಲೀಟರ್ ಆಮ್ಲಜನಕ ಹೋಗುತ್ತದೆ ಎಂಬ ಲೆಕ್ಕದಲ್ಲಿ. ತೆಳು ಪಾಲಿಥೀನ್‌ಗೆ ಅದು ಸಾವಿರಗಳಲ್ಲಿ ಇರುತ್ತದೆ. ಒಳಗೆ ಬೆಳ್ಳಿಯಂತೆ ಹೊಳೆಯುವ ಮೆಟಲೈಸ್ಡ್ ಪಾಲಿಯೆಸ್ಟರ್‌ಗೆ ಒಂದರ ಆಸುಪಾಸು. ಜೊತೆಗೆ ಅದು ಬೆಳಕನ್ನೂ ತಡೆಯುತ್ತದೆ. ಚಿಪ್ಸ್ ಪ್ಯಾಕೆಟ್‌ಗಳು ಒಳಗೆ ಹೊಳೆಯುವುದು ಚೆಂದಕ್ಕಲ್ಲ.

ಆದರೆ ಒಳ್ಳೆ ಕವರ್ ತಂದು ಸೀಲ್ ಸರಿಯಾಗಿ ಹಾಕದಿದ್ದರೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ. ಸೀಲ್ ಆಗುವ ಅಂಚಿಗೆ ಎಣ್ಣೆ ಅಥವಾ ತಿಂಡಿಯ ಪುಡಿ ತಾಗಿದ್ದರೆ ಅಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಪರೀಕ್ಷೆ ಸುಲಭ. ಪ್ಯಾಕೆಟನ್ನು ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ. ಗುಳ್ಳೆ ಬಂದರೆ ಸೀಲ್ ಸೋರುತ್ತಿದೆ. ಪ್ರತಿ ಬ್ಯಾಚಿನಲ್ಲಿ ಎರಡು ಮೂರು ಪ್ಯಾಕೆಟ್ ಹೀಗೆ ನೋಡಿದರೆ ಮೆಷಿನ್ನಿನ ಬಿಸಿ ಸಾಕೋ ಇಲ್ಲವೋ ಗೊತ್ತಾಗುತ್ತದೆ.

ಬಿಸಿ ಇರುವಾಗಲೇ ತುಂಬಿಸುವುದು ಇನ್ನೊಂದು ತಪ್ಪು. ತಿಂಡಿಯಿಂದ ಹೊರಡುವ ಆವಿ ಒಳಗೇ ಸಿಕ್ಕಿಕೊಂಡು ತಿಂಡಿಯನ್ನೇ ಮೆತ್ತಗೆ ಮಾಡುತ್ತದೆ. ಹಾಗಂತ ರಾತ್ರಿಯಿಡೀ ತಟ್ಟೆಯಲ್ಲಿ ಹರಡಿ ಬಿಟ್ಟರೂ ತೇವ ಎಳೆಯುತ್ತದೆ. ಕೈಗೆ ಬೆಚ್ಚಗೆ ಅನ್ನಿಸದಷ್ಟು ಆರಿದ ಕೂಡಲೇ ತುಂಬಿಸಿ ಸೀಲ್ ಮಾಡಬೇಕು.

ಕವರಿನೊಳಗೆ ಹಾಕುವ ಆಮ್ಲಜನಕ ಹೀರುವ ಪುಟ್ಟ ಚೀಟಿಗಳ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಕಬ್ಬಿಣದ ಪುಡಿ ಇರುತ್ತದೆ. ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ತಿಂದುಹಾಕುತ್ತದೆ. ಒಳ್ಳೆ ತಡೆ ಇರುವ ಕವರಿನಲ್ಲಿ ಕೆಲಸ ಮಾಡುತ್ತದೆ. ತೆಳು ಪಾಲಿಥೀನ್‌ನಲ್ಲಿ ಹೊರಗಿನಿಂದ ಹೊಸ ಆಮ್ಲಜನಕ ಬರುತ್ತಲೇ ಇರುವುದರಿಂದ ಹಣ ದಂಡ. ಒದ್ದೆ ತಿಂಡಿಗಂತೂ ಹಾಕಲೇಬಾರದು, ಯಾಕೆಂದರೆ ಗಾಳಿಯಿಲ್ಲದ ಒದ್ದೆ ಜಾಗದಲ್ಲಿಯೇ ಬೊಟುಲಿಸಂ ಎಂಬ ಜೀವಕ್ಕೇ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯುವುದು.

ಇನ್ನು ಸುದ್ದಿ ಪತ್ರಿಕೆ. ಎಣ್ಣೆ ತಿಂಡಿಯನ್ನು ಅದರಲ್ಲಿ ಸುತ್ತಿದರೆ ಶಾಯಿಯಲ್ಲಿನ ರಾಸಾಯನಿಕಗಳು ಎಣ್ಣೆಗೆ ಇಳಿಯುತ್ತವೆ. ಎಣ್ಣೆ ಹೀರಿಸಲು ತಟ್ಟೆಗೆ ಹಾಸುವುದಕ್ಕೂ ಇದೇ ಮಾತು. ಕವರ್ ತರುವಾಗ 'ಫುಡ್ ಗ್ರೇಡ್' ಎಂಬ ಗುರುತು ನೋಡಿ, ಬಿಲ್ ಇಟ್ಟುಕೊಳ್ಳಿ.

## ತಾರೀಖು ಕಂಡುಹಿಡಿಯುವ ಬಗೆ

ಈಗ ಮುಖ್ಯ ಕೆಲಸಕ್ಕೆ ಬರೋಣ. ಒಂದೇ ಬ್ಯಾಚ್ ತಿಂಡಿ ಕರಿಯಿರಿ, ಸುಮಾರು 1.6 ಕಿಲೋ. 80 ಗ್ರಾಂನ 20 ಪ್ಯಾಕೆಟ್ ಮಾಡಿ. ಮಾರುವುದು 200 ಗ್ರಾಂ ಪ್ಯಾಕೆಟ್ ಆದರೂ ಪರವಾಗಿಲ್ಲ. ಚಿಕ್ಕ ಪ್ಯಾಕೆಟ್‌ನಲ್ಲಿ ತಿಂಡಿಯ ತೂಕಕ್ಕೆ ಹೋಲಿಸಿದರೆ ಕವರ್ ಜಾಸ್ತಿ, ಹಾಗಾಗಿ ಅದು ಸ್ವಲ್ಪ ಬೇಗ ಕೆಡುತ್ತದೆ. ತಪ್ಪಿದರೂ ಕ್ಷೇಮದ ಕಡೆಗೇ ತಪ್ಪುತ್ತೇವೆ.

ಎಂಟನ್ನು ಸಾಮಾನ್ಯ ಪಾಲಿಥೀನ್‌ನಲ್ಲಿ, ಎಂಟನ್ನು ಮೆಟಲೈಸ್ಡ್ ಕವರಿನಲ್ಲಿ ಹಾಕಿ. ಉಳಿದ ನಾಲ್ಕನ್ನು ಮೆಟಲೈಸ್ಡ್ ಕವರಿನಲ್ಲೇ ಹಾಕಿ ಫ್ರೀಜರಿನಲ್ಲಿ ಇಡಿ. ಇವು ಸಾಕ್ಷಿ. ಆ ತಣ್ಣಗಿನಲ್ಲಿ ಕೆಡುವಿಕೆ ತುಂಬಾ ನಿಧಾನವಾಗುವುದರಿಂದ, ಮುಂದೆ ಹೋಲಿಸಿ ನೋಡಲು 'ಹೊಸ ತಿಂಡಿಯ ರುಚಿ' ಹೀಗಿತ್ತು ಎಂಬ ನೆನಪು ಅಲ್ಲಿ ಉಳಿಯುತ್ತದೆ. ಎರಡು ತಿಂಗಳ ಹಿಂದಿನ ರುಚಿ ನಾಲಿಗೆಗೆ ನೆನಪಿರುವುದಿಲ್ಲ, ಅಲ್ವಾ?

ಹದಿನಾರು ಪ್ಯಾಕೆಟ್‌ಗಳನ್ನು ಅಂಗಡಿಯ ಪರಿಸ್ಥಿತಿ ಇರುವ ಜಾಗದಲ್ಲಿ ಇಡಿ. ತಂಪು ಕಪಾಟಿನಲ್ಲಿ ಮುಚ್ಚಿಟ್ಟು ಪರೀಕ್ಷೆ ಮಾಡಿದರೆ ನಾವೇ ನಮಗೆ ಮೋಸ ಮಾಡಿಕೊಂಡಂತೆ. ಲೈಟ್ ಬೀಳುವ, ಸೆಖೆಯ ಶೆಲ್ಫ್ ಬೇಕು. ಸಾಧ್ಯವಾದರೆ ಗಾಳಿಯಲ್ಲಿ ತೇವ ಜಾಸ್ತಿ ಇರುವ ಕಾಲದಲ್ಲೇ ಮಾಡಿ.

ವಾರಕ್ಕೊಮ್ಮೆ ಎರಡು ಕೆಲಸ. ಒಂದು, ಪ್ರತಿ ಪ್ಯಾಕೆಟನ್ನೂ ಬಿಡಿಸದೇ ತೂಗಿ ಬರೆದಿಡಿ. ತೂಕ ಏರಿದರೆ ಅಷ್ಟು ತೇವ ಒಳಗೆ ಹೋಗಿದೆ ಎಂದರ್ಥ. ಇದಕ್ಕೆ 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು. ಎರಡು, ಎರಡೂ ಬಗೆಯಲ್ಲಿ ಒಂದೊಂದು ಪ್ಯಾಕೆಟ್ ಬಿಡಿಸಿ ತಿಂದು ನೋಡಿ.

ತಿಂದು ನೋಡುವುದಕ್ಕೂ ಒಂದು ಕ್ರಮ ಇದೆ. "ಹೇಗಿದೆ?" ಅಂತ ಕೇಳಿದರೆ ಮನೆಯವರು ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಬದಲಿಗೆ ಒಬ್ಬೊಬ್ಬರ ಮುಂದೆಯೂ ಮೂರು ಬಟ್ಟಲು ಇಡಿ. ಎರಡರಲ್ಲಿ ಫ್ರೀಜರಿನಿಂದ ತೆಗೆದು, ಪ್ಯಾಕೆಟ್ ಬಿಡಿಸದೇ ಕೋಣೆಯ ಬಿಸಿಗೆ ಬಂದ ತಿಂಡಿ, ಒಂದರಲ್ಲಿ ಶೆಲ್ಫಿನದು. ಯಾವುದು ಬೇರೆ ಅಂತ ಹೇಳಲಿ. ಬಟ್ಟಲುಗಳ ಜಾಗ ಒಬ್ಬೊಬ್ಬರಿಗೂ ಬದಲಾಗಿರಲಿ. ಇದನ್ನು ತ್ರಿಕೋನ ಪರೀಕ್ಷೆ ಅನ್ನುತ್ತಾರೆ. ಗೊತ್ತಿಲ್ಲದೇ ಹೇಳಿದರೂ ಮೂವರಲ್ಲಿ ಒಬ್ಬರದು ಸರಿಯಾಗುತ್ತದೆ. ಹಾಗಾಗಿ ಆರು ಜನರಲ್ಲಿ ಇಬ್ಬರೋ ಮೂವರೋ ಸರಿ ಹೇಳಿದರೆ ಅದು ಅದೃಷ್ಟ ಇರಬಹುದು. ಐವರು ಸರಿ ಹೇಳಿದರೆ ಅದೃಷ್ಟ ಎನ್ನುವುದು ಕಷ್ಟ, ತಿಂಡಿ ನಿಜಕ್ಕೂ ಬದಲಾಗಿದೆ. ಸಾಕ್ಷಿ ಪ್ಯಾಕೆಟ್ ನಾಲ್ಕೇ ಇರುವುದರಿಂದ ಈ ಪೂರ್ತಿ ಪರೀಕ್ಷೆಯನ್ನು ಅನುಮಾನ ಬಂದ ವಾರಗಳಿಗೆ ಉಳಿಸಿಕೊಳ್ಳಿ. ಉಳಿದ ವಾರ ನೀವೇ ಮೂಸಿ, ಮುರಿದು, ತಿಂದು ನೋಡಿದರೆ ಸಾಕು.

ಫಲಿತಾಂಶ ಹೀಗೆ ಬಂತು ಅಂದುಕೊಳ್ಳೋಣ. ಪಾಲಿಥೀನ್ ಪ್ಯಾಕೆಟ್ ಮೂರನೇ ವಾರಕ್ಕೆ 2 ಗ್ರಾಂ ತೂಕ ಏರಿಸಿಕೊಂಡಿತು. 80 ಗ್ರಾಂನಲ್ಲಿ 2 ಗ್ರಾಂ ಅಂದರೆ ಶೇಕಡಾ 2.5. ಕೇಳಲು ಕಡಿಮೆ, ಆದರೆ ಕರಿದಾಗ ತಿಂಡಿಯಲ್ಲಿ ಇದ್ದ ತೇವವೇ ಶೇಕಡಾ 2ರ ಹತ್ತಿರ. ಅಂದರೆ ತೇವ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಮುರಿದರೆ ಟಕ್ ಅನ್ನುವುದಿಲ್ಲ. ಅದರ ಕಥೆ ಎರಡನೇ ವಾರಕ್ಕೇ ಮುಗಿದಿದೆ.

ಮೆಟಲೈಸ್ಡ್ ಪ್ಯಾಕೆಟ್‌ನ ತೂಕ ಎಂಟು ವಾರವೂ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಗರಿಯೂ ಇತ್ತು. ಆದರೆ ಆರನೇ ವಾರ ಮೂವರು, ಏಳನೇ ವಾರ ಐವರು ಬೇರೆ ಬಟ್ಟಲನ್ನು ಗುರುತಿಸಿದರು. ಕೇಳಿದರೆ "ಹಳೇ ಎಣ್ಣೆ ವಾಸನೆ" ಅಂದರು. ಇಲ್ಲಿ ಕೊಂದದ್ದು ತೇವ ಅಲ್ಲ, ಪ್ಯಾಕೆಟ್‌ನೊಳಗೆ ಮೊದಲೇ ಸಿಕ್ಕಿಕೊಂಡಿದ್ದ ಗಾಳಿ. ಕೊನೆಯ ಒಳ್ಳೆಯ ವಾರ ಆರನೆಯದು.

ಹಾಗಾದರೆ ಆರು ವಾರ ಅಂತ ಬರೆಯೋಣವೇ? ಬೇಡ. ಒಂದು ಬ್ಯಾಚ್ ಇದ್ದಂತೆ ಇನ್ನೊಂದು ಇರುವುದಿಲ್ಲ. ಒಂದು ದಿನ ಎಣ್ಣೆ ಸ್ವಲ್ಪ ಹಳೆಯದು, ಇನ್ನೊಂದು ದಿನ ಪ್ಯಾಕೆಟ್ ಬಿಸಿಲಲ್ಲಿ ಪ್ರಯಾಣ ಮಾಡಿರುತ್ತದೆ. ಸಿಕ್ಕ ಸಮಯದ ಮೂರರಲ್ಲಿ ಎರಡು ಭಾಗ ತೆಗೆದುಕೊಳ್ಳಿ: 6 ವಾರಕ್ಕೆ 4 ವಾರ, ಅಂದರೆ 28 ದಿನ. ಪಾಲಿಥೀನ್‌ಗೆ ಎರಡು ವಾರದ ಮೂರರಲ್ಲಿ ಎರಡು ಭಾಗ ಅಂದರೆ 9 ದಿನ. ಒಂದೇ ಬಾಣಲೆಯ ತಿಂಡಿಗೆ ಕವರ್ ಬದಲಿಸಿದ್ದಕ್ಕೆ ಮೂರು ಪಟ್ಟು ವ್ಯತ್ಯಾಸ.

ಬೇಗ ಉತ್ತರ ಬೇಕಾದವರು ಬಿಸಿ ಜಾಗದಲ್ಲಿ ಇಟ್ಟು ಪರೀಕ್ಷೆ ಮಾಡುತ್ತಾರೆ. 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಎರಡು ಪಟ್ಟು ಎಂಬ ಅಂದಾಜು ಇದೆ. 30 ಡಿಗ್ರಿಯಲ್ಲಿ ಆರು ವಾರ ಬಾಳುವುದು 40ರಲ್ಲಿ ಮೂರು ವಾರ. ಆದರೆ ಇದು ಅಂದಾಜು ಮಾತ್ರ, ಅದೂ ಕಮಟಿನ ವಿಷಯದಲ್ಲಿ. ಮೆತ್ತಗಾಗುವ ಲೆಕ್ಕ ಗಾಳಿಯ ತೇವದ ಮೇಲೆ ನಿಂತಿರುವುದರಿಂದ ಇದರಿಂದ ಸಿಗುವುದಿಲ್ಲ. ನನ್ನ ಕೇಳಿದರೆ ಎಂಟು ವಾರ ಕಾಯುವುದೇ ವಾಸಿ.

## 'ಬೆಸ್ಟ್ ಬಿಫೋರ್' ಮತ್ತು 'ಯೂಸ್ ಬೈ'

ಇವೆರಡೂ ಒಂದೇ ಅಲ್ಲ. ಬೆಸ್ಟ್ ಬಿಫೋರ್ ಅಂದರೆ ಈ ದಿನದವರೆಗೆ ರುಚಿ, ಗರಿ ಎಲ್ಲ ನಾವು ಹೇಳಿದಂತೆ ಇರುತ್ತದೆ ಎಂಬ ಮಾತು. ದಾಟಿದ ಮೇಲೂ ತಿನ್ನಲು ಬರಬಹುದು. ಯೂಸ್ ಬೈ ಅಥವಾ ಎಕ್ಸ್‌ಪೈರಿ ಅಂದರೆ ಆಮೇಲೆ ಮಾರಲೂ ಬಾರದು, ತಿನ್ನಲೂ ಬಾರದು. ಒಣ ಗರಿಗರಿ ತಿಂಡಿಗೆ ಕೋಡೆಕ್ಸ್ ಲೆಕ್ಕದಲ್ಲಿ ಹೊಂದುವುದು ಬೆಸ್ಟ್ ಬಿಫೋರ್. ಒದ್ದೆ ಹೂರಣದ್ದಕ್ಕೆ ಯೂಸ್ ಬೈ. ನಿಮ್ಮ ದೇಶ ಯಾವ ಪದ ಕೇಳುತ್ತದೋ ಅದನ್ನೇ ಹಾಕಬೇಕು, ಕೆಲವು ಕಡೆ ಎರಡನ್ನೂ ಕೇಳುತ್ತಾರೆ.

ಮೂರು ತಿಂಗಳಿಗಿಂತ ಹೆಚ್ಚು ಬಾಳುವ ಆಹಾರಕ್ಕೆ ತಿಂಗಳು ಮತ್ತು ವರ್ಷ ಸಾಕು ಎನ್ನುತ್ತದೆ ಕೋಡೆಕ್ಸ್. ಅದಕ್ಕಿಂತ ಕಡಿಮೆ ಬಾಳುವುದಕ್ಕೆ ದಿನವನ್ನೂ ಬರೆಯಬೇಕು. ನಮ್ಮ 28 ದಿನದ ತಿಂಡಿಗೆ ದಿನ ಬೇಕೇ ಬೇಕು.

ತಾರೀಖಿನ ಜೊತೆ ಇಡುವ ವಿಧಾನವೂ ಸೇರಬೇಕು. "ಬಿಸಿಲು ತಾಗದ ಒಣ ಜಾಗದಲ್ಲಿ ಇಡಿ. ತೆರೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ." ಇದಿಲ್ಲದಿದ್ದರೆ ತಾರೀಖಿಗೆ ಅರ್ಥವಿಲ್ಲ. ಕವರ್ ಬಿಡಿಸಿದ ಕ್ಷಣವೇ ಆ 28 ದಿನದ ಲೆಕ್ಕ ಮುಗಿಯಿತು.

## ಪದಾರ್ಥಗಳ ಪಟ್ಟಿಯಲ್ಲಿ ಎಣ್ಣೆಯ ಜಾಗ ಎಲ್ಲಿ?

ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಮಾಡುವಾಗ ಯಾವುದು ಎಷ್ಟು ಹಾಕಿದಿರೋ ಆ ತೂಕ. ಜಾಸ್ತಿ ಇರುವುದು ಮೊದಲು. ಸುಲಭ ಅನ್ನಿಸುತ್ತದೆ, ಆದರೆ ಕರಿದ ತಿಂಡಿಯಲ್ಲಿ ಬಹಳ ಜನ ಎಡವುವುದು ಇಲ್ಲೇ.

ನಮ್ಮ ಬ್ಯಾಚಿಗೆ ಹಾಕಿದ್ದು ಗೋಧಿಹಿಟ್ಟು 1000 ಗ್ರಾಂ, ಶೇಂಗಾ 150, ಬೆಣ್ಣೆ 100, ಎಳ್ಳು 30, ಉಪ್ಪು 20, ರೆಡಿಮೇಡ್ ಮಸಾಲೆ ಪುಡಿ 15, ಜೊತೆಗೆ ಕಲಸಲು ನೀರು. ಎಣ್ಣೆ? "ಅದು ಕರಿಯೋಕೆ ಅಷ್ಟೆ" ಅಂತ ಕೊನೆಯಲ್ಲಿ ಬರೆಯುತ್ತಾರೆ. ಕೆಲವರು ಬರೆಯುವುದೇ ಇಲ್ಲ.

ಬಾಣಲೆಗೆ ಸುರಿಯುವ ಮೊದಲು ಎಣ್ಣೆ ತೂಗಿ ನೋಡಿ, 1500 ಗ್ರಾಂ. ಕರಿದು ಆರಿದ ಮೇಲೆ ಉಳಿದದ್ದನ್ನು ತೂಗಿ, 1100 ಗ್ರಾಂ. ಸಿಡಿದು ಹೋದ ಸ್ವಲ್ಪವನ್ನು ಬಿಟ್ಟರೆ ಸುಮಾರು 400 ಗ್ರಾಂ ತಿಂಡಿಯೊಳಗೆ ಸೇರಿದೆ. ಅಂದರೆ ಎಣ್ಣೆ ಪಟ್ಟಿಯಲ್ಲಿ ಎರಡನೆಯದು, ಶೇಂಗಾಕ್ಕಿಂತ ಮೇಲೆ. ನೀರಿನದು ಇದಕ್ಕೆ ಉಲ್ಟಾ. ಕಲಸಲು ಅರ್ಧ ಲೀಟರ್ ಹಾಕಿದ್ದರೂ ಕರಿಯುವಾಗ ಅದು ಆವಿಯಾಗಿ ಹೋಗುತ್ತದೆ. ಮಾಡುವಾಗಲೇ ಆವಿಯಾಗುವ ನೀರನ್ನು ಪಟ್ಟಿಗೆ ಸೇರಿಸಬೇಕಾಗಿಲ್ಲ ಎಂದು ಕೋಡೆಕ್ಸ್ ಹೇಳುತ್ತದೆ.

ಮಸಾಲೆ ಪುಡಿ ಸ್ವತಃ ಹತ್ತು ಪದಾರ್ಥ ಸೇರಿದ್ದು. ಇಂಥ ಮಿಶ್ರಣ ಒಟ್ಟು ತಿಂಡಿಯ ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಅದರೊಳಗಿನದನ್ನು ಬಿಡಿಸಿ ಬರೆಯಬೇಕಿಲ್ಲ. ನಮ್ಮಲ್ಲಿ ಸುಮಾರು 1700 ಗ್ರಾಂಗೆ 15 ಗ್ರಾಂ, ಶೇಕಡಾ ಒಂದೂ ಇಲ್ಲ. ಆದರೆ ಇದಕ್ಕೆ ಮುಖ್ಯವಾದ ಹೊರತು ಒಂದಿದೆ, ಅದೇ ಅಲರ್ಜಿ.

## ಅಲರ್ಜಿ: ಚಿಟಿಕೆಯೂ ಲೆಕ್ಕಕ್ಕೆ ಬರುತ್ತದೆ

2016ರಲ್ಲಿ ಬ್ರಿಟನ್ನಿನ 15 ವರ್ಷದ ಹುಡುಗಿಯೊಬ್ಬಳು ಅಲ್ಲಿ ಕೊಂಡ, ಪ್ಯಾಕ್ ಮಾಡಿದ ಬ್ರೆಡ್ ತಿಂಡಿ ತಿಂದು ತೀರಿಕೊಂಡಳು. ಅವಳಿಗೆ ಎಳ್ಳಿನ ಅಲರ್ಜಿ ಇತ್ತು. ಎಳ್ಳು ಹಿಟ್ಟಿನೊಳಗೆ ಸೇರಿತ್ತು, ಪ್ಯಾಕೆಟ್ ಮೇಲೆ ಅದು ಬರೆದಿರಲಿಲ್ಲ. ಮಾರುವ ಜಾಗದಲ್ಲೇ ಮಾಡಿ ಪ್ಯಾಕ್ ಮಾಡುವ ಆಹಾರಕ್ಕೆ ಪ್ರತಿ ಪ್ಯಾಕೆಟ್ ಮೇಲೂ ಬರೆಯಬೇಕು ಎಂಬ ನಿಯಮ ಆಗ ಅಲ್ಲಿ ಇರಲಿಲ್ಲ. 2021ರ ಅಕ್ಟೋಬರ್‌ನಿಂದ ಪೂರ್ತಿ ಪದಾರ್ಥ ಪಟ್ಟಿ, ಅದರಲ್ಲಿ ಅಲರ್ಜಿಯವು ಎದ್ದು ಕಾಣುವಂತೆ, ಕಡ್ಡಾಯವಾಯಿತು. ಅಮೆರಿಕದಲ್ಲಿ 2023ರಿಂದ ಎಳ್ಳು ಕಡ್ಡಾಯ ಪಟ್ಟಿಗೆ ಸೇರಿತು.

ನಮ್ಮ ತಿಂಡಿಯಲ್ಲಿ ಗೋಧಿ, ಶೇಂಗಾ, ಬೆಣ್ಣೆಯ ಹಾಲು, ಎಳ್ಳು, ನಾಲ್ಕೂ ಅಲರ್ಜಿಯವೇ. ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಇರಲಿ, ಕೆಳಗೆ ಒಂದು ಸಾಲಿನಲ್ಲಿ ಮತ್ತೊಮ್ಮೆ ಬರಲಿ. ಇನ್ನು ಆ ಮಸಾಲೆ ಪುಡಿಯ ಪ್ಯಾಕೆಟ್ ಓದಿ. ಅದರಲ್ಲಿ ಸೋಯಾ, ಸಾಸಿವೆ ಅಥವಾ ಹಾಲಿನ ಪುಡಿ ಇರಬಹುದು. ಶೇಕಡಾ 5ರ ರಿಯಾಯಿತಿ ಇವಕ್ಕೆ ಇಲ್ಲ. ಯಾವ ಯಾವ ಪದಾರ್ಥ ಅಲರ್ಜಿ ಪಟ್ಟಿಯಲ್ಲಿದೆ ಎಂಬುದು ದೇಶದಿಂದ ದೇಶಕ್ಕೆ ಸ್ವಲ್ಪ ಬದಲಾಗುತ್ತದೆ, ನಿಮ್ಮ ದೇಶದ ಪಟ್ಟಿ ಹಿಡಿದು ಒಂದೊಂದೇ ನೋಡಿ. ಮಸಾಲೆ ಕಂಪನಿ ಯಾವಾಗ ಬೇಕಾದರೂ ಪಾಕ ಬದಲಿಸಬಹುದು, ಹಾಗಾಗಿ ಹೊಸ ಪ್ಯಾಕೆಟ್ ತಂದಾಗಲೆಲ್ಲ ಓದಬೇಕು.

ಅದೇ ಬಾಣಲೆಯಲ್ಲಿ ಬೆಳಿಗ್ಗೆ ಶೇಂಗಾ ತಿಂಡಿ, ಮಧ್ಯಾಹ್ನ ಶೇಂಗಾ ಇಲ್ಲದ ತಿಂಡಿ ಕರಿಯುವವರು ಇದ್ದಾರೆ. ಎರಡನೆಯದರ ಮೇಲೆ ಶೇಂಗಾ ಇಲ್ಲ ಅಂತ ಬರೆದರೆ ಅದು ಸುಳ್ಳು. ಅದೇ ಎಣ್ಣೆಯಲ್ಲಿ ಚೂರುಗಳು ಉಳಿದಿರುತ್ತವೆ. ಶೇಂಗಾ ಇಲ್ಲದ್ದನ್ನು ಮೊದಲು, ಹೊಸ ಎಣ್ಣೆಯಲ್ಲಿ ಕರಿಯುವುದು ಸುಲಭದ ದಾರಿ. ಆದರೂ ಅಡುಗೆಮನೆಯಲ್ಲಿ ಶೇಂಗಾ ಬಳಸುತ್ತೇವೆ ಎಂಬುದನ್ನು ಬರೆದೇ ಬಿಡಿ.

## ಬ್ಯಾಚ್ ಗುರುತು, ಕೊನೆಗೆ ಪೂರ್ತಿ ಲೇಬಲ್

ಒಂದೇ ಸಲ, ಒಂದೇ ಹಿಟ್ಟು, ಒಂದೇ ಎಣ್ಣೆಯಲ್ಲಿ ಮಾಡಿದ್ದು ಒಂದು ಬ್ಯಾಚ್. ಅದಕ್ಕೊಂದು ಗುರುತು ಕೊಟ್ಟು ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಹಿಟ್ಟು, ಶೇಂಗಾ, ಮಸಾಲೆ ಪ್ಯಾಕೆಟ್‌ಗಳ ಬ್ಯಾಚ್ ನಂಬರ್, ಎಣ್ಣೆ ಎಷ್ಟನೇ ಸಲ ಕಾದದ್ದು, ಎಷ್ಟು ಪ್ಯಾಕೆಟ್ ಎಲ್ಲಿಗೆ ಹೋಯಿತು ಎಂದು ಬರೆಯಿರಿ. ಶೇಂಗಾ ಕೆಟ್ಟಿತ್ತು ಅಂತ ಆಮೇಲೆ ಗೊತ್ತಾದರೆ ಎಂಟು ಪ್ಯಾಕೆಟ್ ವಾಪಸ್ ತರಿಸಿದರೆ ಸಾಕು. ಗುರುತು ಇಲ್ಲದಿದ್ದರೆ ಮಾರುಕಟ್ಟೆಯಲ್ಲಿ ಇರುವುದನ್ನೆಲ್ಲ ತರಿಸಬೇಕು.

ತೂಕ ಅಂದರೆ ಕವರ್ ಬಿಟ್ಟು ತಿಂಡಿಯದು ಮಾತ್ರ. ಹೆಸರು ತಿಂಡಿ ಏನು ಎಂದು ಹೇಳುವಂತಿರಲಿ, ಚೆಂದದ ಬ್ರ್ಯಾಂಡ್ ಹೆಸರೊಂದೇ ಸಾಲದು. ಎಣ್ಣೆ ಕೈ ತಾಗಿದರೆ ಅಳಿಸಿಹೋಗುವ ಶಾಯಿ ಬೇಡ. ಎಲ್ಲ ಸೇರಿಸಿದರೆ ನಮ್ಮ ಪ್ಯಾಕೆಟ್ ಹಿಂಭಾಗ ಹೀಗಿರುತ್ತದೆ:

ಗೋಧಿ ಮತ್ತು ಶೇಂಗಾದ ಕರಿದ ತಿಂಡಿ
ಪದಾರ್ಥಗಳು: ಗೋಧಿಹಿಟ್ಟು, ಸಸ್ಯಜನ್ಯ ಎಣ್ಣೆ, ಶೇಂಗಾ, ಬೆಣ್ಣೆ (ಹಾಲು), ಎಳ್ಳು, ಉಪ್ಪು, ಮಸಾಲೆ ಪುಡಿ (ಸಾಸಿವೆ ಇದೆ)
ಅಲರ್ಜಿ ಸೂಚನೆ: ಗೋಧಿ, ಶೇಂಗಾ, ಹಾಲು, ಎಳ್ಳು, ಸಾಸಿವೆ ಇದೆ
ನಿವ್ವಳ ತೂಕ: 200 ಗ್ರಾಂ
ಬ್ಯಾಚ್: ಬಿ 14
ತಯಾರಾದ ದಿನ: 3 ಮಾರ್ಚ್. ಬೆಸ್ಟ್ ಬಿಫೋರ್: 31 ಮಾರ್ಚ್, ಎರಡರ ಮುಂದೆಯೂ ವರ್ಷ
ಬಿಸಿಲು ತಾಗದ ಒಣ ಜಾಗದಲ್ಲಿ ಇಡಿ. ತೆರೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ
ಮಾಡಿದವರ ಹೆಸರು, ವಿಳಾಸ, ನಿಮ್ಮ ದೇಶ ಕೇಳುವ ನೋಂದಣಿ ಸಂಖ್ಯೆ

ಈ ಲೇಬಲ್ ಮುದ್ರಿಸಿದ ಮೇಲೆ ಒಂದು ಕಡೆ ಎಣ್ಣೆ ಅಗ್ಗಕ್ಕೆ ಸಿಕ್ಕಿತು, ಬೇರೆ ಬಗೆಯದ್ದು, ತಂದಿರಿ ಅನ್ನಿ. ಅಥವಾ ಕವರ್ ಅಂಗಡಿಯವರು ಇದೂ ಅದೇ ತರ ಅಂತ ಇನ್ನೊಂದು ಕವರ್ ಕೊಟ್ಟರು. ಆಗ 31 ಮಾರ್ಚ್ ಎಂಬ ಆ ತಾರೀಖು ಇನ್ನು ಈ ತಿಂಡಿಯದ್ದಲ್ಲ. ಮತ್ತೆ 20 ಪ್ಯಾಕೆಟ್ ಮಾಡಿ, ನಾಲ್ಕನ್ನು ಫ್ರೀಜರಿಗೆ ಹಾಕಿ, ಎಂಟು ವಾರದ ಲೆಕ್ಕ ಮೊದಲಿನಿಂದ ಶುರು ಮಾಡಬೇಕು.